ಹಾಲಂಡ್ ಬೇಕೆ, ಬೆಂಚು ಬೇಕೆ: ಎರಡು ಫ್ಯಾಂಟಸಿ ತಂಡಗಳ ಹೋಲಿಕೆ

ಇಂಗ್ಲಿಷ್ ಫುಟ್‌ಬಾಲ್ ಲೀಗಿನ ಆಟಗಾರರನ್ನು ಕೊಂಡು ತಂಡ ಕಟ್ಟಿ, ನಿಜವಾದ ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ಅಂಕ ಪಡೆಯುವ 2024-25ರ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ ಕಾರವಾರದಿಂದ ನಾನು, ಶಿರಸಿಯಿಂದ ನನ್ನ ಭಾವ, ಒಂದೇ ಖಾಸಗಿ ಲೀಗಿನೊಳಗೆ ಎರಡು ವಿರುದ್ಧ ದಾರಿ ಹಿಡಿದೆವು. ಹದಿನೈದು ಆಟಗಾರರಿಗೆ ಇಬ್ಬರಿಗೂ ಇದ್ದದ್ದು ಆಟದ ಹಣ 100 ಮಿಲಿಯನ್. ನಾನು 15 ಕೊಟ್ಟು ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್‌ನನ್ನೂ 12.5 ಕೊಟ್ಟು ಲಿವರ್‌ಪೂಲ್‌ನ ಸಲಾಹ್‌ನನ್ನೂ ಕೊಂಡೆ. ಭಾವ ಹಾಲಂಡ್‌ನನ್ನು ಬಿಟ್ಟು, ಸಲಾಹ್ ಜೊತೆಗೆ 10.5ರ ಚೆಲ್ಸಿಯ ಪಾಮರ್‌ನನ್ನು ಆರಿಸಿದರು. ಉಳಿದ ಹದಿಮೂರು ಮಂದಿಗೆ ನನ್ನಲ್ಲಿ 72.5 ಉಳಿದರೆ ಅವರಲ್ಲಿ 77 ಇತ್ತು. ಆ ನಾಲ್ಕೂವರೆಯನ್ನು ಅವರು ಬದಲಿ ಆಟಗಾರರ ಬೆಂಚಿಗೆ ಹಾಕಿದರು.

ಮೊದಲ ವಾರಗಳಲ್ಲಿ ನನ್ನ ಲೆಕ್ಕವೇ ಗೆದ್ದಿತು. ಇಪ್ಸ್‌ವಿಚ್ ಮತ್ತು ವೆಸ್ಟ್ ಹ್ಯಾಮ್ ವಿರುದ್ಧ ಹಾಲಂಡ್ ಸಾಲಾಗಿ ಎರಡು ಹ್ಯಾಟ್ರಿಕ್ ಹೊಡೆದಾಗ, ನಾಯಕನ ಅಂಕ ಇಮ್ಮಡಿಯಾಗುವುದರಿಂದ, ಗೋಲುಗಳಿಂದಲೇ ವಾರಕ್ಕೆ 24 ಅಂಕ ಬಂದವು. ಆದರೆ ಶರತ್ಕಾಲದಲ್ಲಿ ಸಿಟಿ ತಂಡ ಕುಸಿದ ಮೇಲೆ ನನ್ನ ತೊಂದರೆ ತಿಳಿಯಿತು. ಹಾಲಂಡ್‌ನನ್ನು ಮಾರುವುದಕ್ಕೆ ಒಂದೇ ವರ್ಗಾವಣೆ ಸಾಕಾದರೂ, ಕೈಗೆ ಬಂದ ಹಣವನ್ನು ಮೂರು ಸ್ಥಾನಗಳಿಗೆ ಹಂಚಲು ಇನ್ನೂ ಮೂರು ವರ್ಗಾವಣೆ ಬೇಕು, ಉಚಿತ ಮಿತಿ ಮೀರಿದ ಪ್ರತಿಯೊಂದಕ್ಕೂ 4 ಅಂಕ ಕಡಿತ. ದುಬಾರಿ ಆಟಗಾರನ ನಿಜವಾದ ಬೆಲೆ ಅವನನ್ನು ಬಿಡುವಾಗ ಕಾಣಿಸುತ್ತದೆ.

ನಾಯಕನ ಆಯ್ಕೆಯಲ್ಲಿ ಎಡವಿದವರು ಭಾವ. ಡಿಸೆಂಬರ್ 22ರಂದು ಲಿವರ್‌ಪೂಲ್ ಟಾಟನ್‌ಹ್ಯಾಮ್ ಅಂಗಳದಲ್ಲಿ, ಚೆಲ್ಸಿ ಎವರ್ಟನ್ ಅಂಗಳದಲ್ಲಿ ಆಡಬೇಕಿತ್ತು. ಎವರ್ಟನ್ ಸುಲಭವೆಂದು ಅವರು ಪಾಮರ್‌ಗೆ ಪಟ್ಟ ಕಟ್ಟಿದರು. ಆ ಪಂದ್ಯ 0-0ಯಲ್ಲಿ ಮುಗಿಯಿತು. ಲಿವರ್‌ಪೂಲ್ 6-3ರಿಂದ ಗೆದ್ದಿತು, ಸಲಾಹ್ ಎರಡು ಗೋಲು ಹೊಡೆದು ಎರಡಕ್ಕೆ ನೆರವಾದ. ಆಟದ ತಾಣದಲ್ಲಿ ಕಾಣುವ ಕಾಠಿಣ್ಯದ ಬಣ್ಣ ಎದುರಾಳಿಯ ಒಟ್ಟು ಬಲಕ್ಕೆ ಒಂದೇ ಅಂಕಿ ಕೊಡುತ್ತದೆ. ಗೋಲು ಹೊಡೆಯುತ್ತಲೇ ಗೋಲು ಬಿಡುವ ಟಾಟನ್‌ಹ್ಯಾಮ್‌ನಂಥ ತಂಡಕ್ಕೂ ಬಾಗಿಲು ಮುಚ್ಚಿ ಕೂರುವ ತಂಡಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ. ನಾಯಕನನ್ನು ಆರಿಸುವಾಗ ಎದುರಾಳಿ ಎಷ್ಟು ಗೋಲು ಬಿಡುತ್ತಿದೆ ಎಂಬುದನ್ನಷ್ಟೇ ನೋಡುವುದು ಉತ್ತಮ.

ಆಟಗಾರರನ್ನು ಸರದಿಯಂತೆ ಕೂರಿಸುವ ಕ್ರಿಸ್‌ಮಸ್ ವಾರಗಳಲ್ಲಿ ಭಾವನ ಬೆಂಚು ದುಡಿಯಿತು. ನನ್ನ ಬೆಂಚಿನ 4 ಮಿಲಿಯನ್ನಿನ ಡಿಫೆಂಡರ್ ಅಂಗಳಕ್ಕೇ ಇಳಿಯದವನಾದ್ದರಿಂದ, ಹನ್ನೊಂದರಲ್ಲಿ ಇಬ್ಬರು ತಪ್ಪಿದ ವಾರ ನಾನು ಹತ್ತೇ ಜನರೊಂದಿಗೆ ಆಡಿದಂತಾಯಿತು. ಆದರೂ ಒಳ್ಳೆಯ ಬೆಂಚಿಗೂ ಒಂದು ಮಿತಿಯಿದೆ: ಆಟಗಾರ ಒಂದು ನಿಮಿಷವೂ ಆಡದಿದ್ದರೆ ಮಾತ್ರ ಬದಲಿ ಒಳಬರುತ್ತಾನೆ. ಭಾವನ ವಿಂಗರ್ ಒಮ್ಮೆ 85ನೇ ನಿಮಿಷಕ್ಕೆ ಇಳಿದು ಒಂದೇ ಅಂಕ ತಂದ. ಬೆಂಚಿನಲ್ಲಿ ಗೋಲು ಹೊಡೆದವನು ಹೊರಗೇ ಉಳಿದ. (ಅಂದು ರಾತ್ರಿ ಅವರು ನನ್ನ ಫೋನ್ ಎತ್ತಲಿಲ್ಲ.)

ಎರಡರಲ್ಲಿ ನಾನೀಗ ಭಾವನ ದಾರಿಯನ್ನೇ ಹಿಡಿಯುತ್ತೇನೆ, ಆದರೆ ಆ 4.5 ಮಿಲಿಯನ್ನನ್ನು ನಾಲ್ವರಿಗೂ ಹರಡುವುದಿಲ್ಲ. ಪ್ರತಿ ವಾರ ತೊಂಬತ್ತು ನಿಮಿಷ ಆಡುವ ಸಣ್ಣ ತಂಡದ ಒಬ್ಬ ಡಿಫೆಂಡರ್, ಒಬ್ಬ ಮಿಡ್‌ಫೀಲ್ಡರ್ ಇಬ್ಬರಿಗೆ ಕೊಟ್ಟು, ಎರಡನೆಯ ಗೋಲ್‌ಕೀಪರ್‌ಗೆ 4ಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ಹಾಕುವುದಿಲ್ಲ.