ರೀಲು ‘ಕ್ಲೀನ್’ ಮಾಡಿಸಿದೆವು, ತೇರಿಗೆ ಎಸೆದ ಬಾಳೆಹಣ್ಣೇ ಮಾಯ

ಮನೆಯಲ್ಲಿ ಹಳೆ ಸೂಪರ್ 8 ಫಿಲ್ಮ್ ರೀಲು ಇದ್ದು, ‘ಧೂಳು, ಗೀರು, ಫ್ಲಿಕರ್ ಎಲ್ಲಾ ತೆಗೆದು ಪಳಪಳ ಮಾಡಿ ಕೊಡ್ತೀವಿ’ ಅನ್ನುವವರ ಕೈಗೆ ಕೊಡೋಕೆ ಹೊರಟಿದ್ದೀರಾ? ಹಾಗಿದ್ದರೆ ಕೊಡುವ ಮುಂಚೆಯೇ ಒಂದು ಮಾತು ಹೇಳಿಬಿಡಿ: ಏನೂ ಮುಟ್ಟದ ಕಚ್ಚಾ ಸ್ಕ್ಯಾನ್ ಕೂಡ ನನಗೆ ಬೇಕು, ರೀಲು ಓಡಿದ ವೇಗದಲ್ಲೇ ಬೇಕು. ನಾವು ಕೊಟ್ಟ ಹಾಸನದ ಅಂಗಡಿಯಲ್ಲಿ ಕ್ಲೀನ್ ಮಾಡಿದ್ದನ್ನು ಮಾತ್ರ ಕೊಟ್ಟರು. ಕಚ್ಚಾ ಫೈಲು ಕೇಳಿದಾಗ ‘ಡಿಸ್ಕ್ ಫುಲ್ ಆಗಿತ್ತು ಸಾರ್, ಡಿಲೀಟ್ ಮಾಡಿದ್ವಿ’ ಎಂದರು.

ರೀಲು ನಮ್ಮ ದೊಡ್ಡಪ್ಪನದು. ಎಪ್ಪತ್ತರ ದಶಕದಲ್ಲಿ ಸಕಲೇಶಪುರದ ಕಡೆ ತೋಟದಲ್ಲಿದ್ದಾಗ ತೆಗೆದದ್ದು. ಸೂಪರ್ 8ರ ಒಂದು ರೀಲು ಅಂದರೆ 50 ಅಡಿ. ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡು, ಒಟ್ಟು 3600 ಫ್ರೇಮು. ಅಷ್ಟರಲ್ಲೇ ಊರ ತೇರು ಇದೆ, ಚಪ್ಪರದ ಕೆಳಗಿನ ಒಂದು ಮದುವೆಯೂ ಇದೆ.

ಫೈಲು ಬಂದ ದಿನ ಟಿವಿಗೆ ಹಾಕಿದೆವು. ಮೊದಲ ನೋಟಕ್ಕೆ ಚೆನ್ನಾಗಿಯೇ ಇತ್ತು. ದೊಡ್ಡಮ್ಮ ಮಾತ್ರ ತೇರು ಬಂದ ತಕ್ಷಣ, ‘ಅಲ್ಲ ಕಣೋ, ಎಲ್ಲರೂ ಕೈ ಬೀಸ್ತಾ ಇದಾರೆ, ಬಾಳೆಹಣ್ಣೆಲ್ಲಾ ಎಲ್ಲಿ ಹೋದ್ವು?’ ಎಂದರು. ನಮ್ಮ ಕಡೆ ತೇರು ಹೊರಟಾಗ ಬಾಳೆಹಣ್ಣಿಗೆ ದವನ ಸಿಕ್ಕಿಸಿ ಕಳಸದ ಕಡೆ ಎಸೆಯುತ್ತಾರಲ್ವಾ, ಅದು. ಜನ ಎಸೆಯುತ್ತಿದ್ದಾರೆ, ಗಾಳಿಯಲ್ಲಿ ಏನೂ ಇಲ್ಲ. ಇನ್ನೂ ಸರಿಯಾಗಿ ನೋಡಿದರೆ ಅಲ್ಲೊಂದು ಇಲ್ಲೊಂದು ಹಣ್ಣು ಗಾಳಿಯಲ್ಲಿ ಫಕ್ಕನೆ ಕಂಡು ಮತ್ತೆ ಇಲ್ಲವಾಗುತ್ತಿತ್ತು.

ನಾನು ವಿಡಿಯೋ ಕೆಲಸದವನೇ. ಹಾಗಾಗಿ ವಿಎಲ್‌ಸಿಯಲ್ಲಿ `E` ಒತ್ತುತ್ತಾ ಒಂದೊಂದೇ ಫ್ರೇಮು ನೋಡಿದೆ. ಏನಾಗಿದೆ ಅನ್ನೋದು ಅಲ್ಲೇ ಗೊತ್ತಾಯಿತು.

ಧೂಳಿನ ಕಣ ರೀಲಿನ ಒಂದು ಫ್ರೇಮಿನ ಮೇಲೆ ಕೂತಿರುತ್ತದೆ. ಹಿಂದಿನ ಫ್ರೇಮಿನಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ, ಮುಂದಿನದರಲ್ಲೂ ಇರುವುದಿಲ್ಲ. ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ ಧೂಳು ತೆಗೆಯುವ ಟೆಂಪೊರಲ್ ಕ್ಲೀನಿಂಗ್ ನಿಂತಿರುವುದೇ ಇದರ ಮೇಲೆ. ತೀರಾ ಸರಳ ರೂಪದಲ್ಲಿ, ಚಿತ್ರದ ಒಂದೊಂದು ಚುಕ್ಕಿಗೂ ಹಿಂದಿನ, ಈಗಿನ, ಮುಂದಿನ ಫ್ರೇಮುಗಳ ಹೊಳಪಿನ ಮೂರು ಬೆಲೆ ತೆಗೆದುಕೊಂಡು, ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ನಡುವಿನದನ್ನು ಇಟ್ಟುಕೊಳ್ಳುತ್ತದೆ. ಗೋಡೆಯ ಹೊಳಪು 120, ಅದರ ಮೇಲೆ ಧೂಳು ಬಿದ್ದಾಗ 20, ಆಮೇಲೆ 122 ಅಂದುಕೊಳ್ಳಿ. ಮೂರರಲ್ಲಿ ನಡುವಿನದು 120, ಧೂಳು ಹೋಯಿತು. ಈಗ ಆಕಾಶ 180, ಅಲ್ಲಿ ಬಾಳೆಹಣ್ಣು ಹಾದಾಗ 140, ಮತ್ತೆ ಆಕಾಶ 181. ನಡುವಿನದು 180, ಹಣ್ಣೂ ಹೋಯಿತು. ಲೆಕ್ಕಕ್ಕೆ ಧೂಳೂ ಒಂದೇ, ಹಣ್ಣೂ ಒಂದೇ. ಮಳೆ ಹನಿ, ಹಾರುವ ಹಕ್ಕಿ, ಮದುವೆಯ ಅಕ್ಷತೆ, ಪಟಾಕಿಯ ಕಿಡಿ, ತೋಟದ ಸ್ಪ್ರಿಂಕ್ಲರಿನ ನೀರು, ಎಲ್ಲದರದ್ದೂ ಇದೇ ಕಥೆ.

ಹಾಗಾದರೆ ಕೆಲವು ಹಣ್ಣು ಉಳಿದದ್ದು ಹೇಗೆ? ಅಂಗಡಿಯವರು ಕ್ಲೀನ್ ಮಾಡುವ ಮುಂಚೆಯೇ 18 ಫ್ರೇಮನ್ನು 25 ಮಾಡಿದ್ದರು. ಅಂದರೆ ಪ್ರತಿ ಸೆಕೆಂಡಿಗೆ 7 ಫ್ರೇಮನ್ನು ಎರಡೆರಡು ಸಲ ಹಾಕಿದ್ದರು. ಹಾಗೆ ಜೋಡಿಯಾದ ಕಡೆ ಬೆಲೆ 140, 140, 181 ಆಗುತ್ತದೆ. ನಡುವಿನದು 140, ಹಣ್ಣು ಉಳಿಯಿತು. ಆದರೆ ಅದೇ ಕಾರಣಕ್ಕೆ ಆ 7 ಫ್ರೇಮುಗಳ ಧೂಳೂ ಹಾಗೇ ಉಳಿಯಿತು. ಅಂಗಡಿಯ ಹುಡುಗನನ್ನು ಕೇಳಿದೆ. ಪಾಪ, ಮುಚ್ಚಿಡದೆ ಹೇಳಿದ: ‘ಧೂಳು ಅಲ್ಲಲ್ಲಿ ಉಳ್ಕೊಂತು ಸಾರ್, ಅದಕ್ಕೆ ಸ್ಟ್ರೆಂತ್ ಜಾಸ್ತಿ ಮಾಡಿದೆ.’ ಜೋಡಿ ಫ್ರೇಮಿನ ಧೂಳಿಗೆ ಸ್ಟ್ರೆಂತ್ ಎಷ್ಟು ಏರಿಸಿದರೂ ಅಷ್ಟೇ. ಏಟು ಬೀಳುವುದು ಉಳಿದ 11 ಫ್ರೇಮಿಗೆ. ನಮ್ಮ ಫೈಲಿನಲ್ಲಿ ಓಲಗದವರ ಬೆರಳು ಕೈಯಿಂದ ಕಳಚಿಕೊಂಡಂತೆ ಕಾಣುತ್ತಿದ್ದದ್ದು ಇದರಿಂದಲೇ.

ಇದನ್ನು ನೀವೂ ಪತ್ತೆ ಮಾಡಬಹುದು. ಬಂದ ಫೈಲನ್ನು ಒಂದೊಂದೇ ಫ್ರೇಮು ಮುಂದೆ ಸರಿಸಿ. ಉಳಿದಿರುವ ಧೂಳಿನ ಚುಕ್ಕೆಗಳೆಲ್ಲಾ ಸರಿಯಾಗಿ ಎರಡೆರಡು ಫ್ರೇಮು ನಿಂತು ಮಾಯವಾಗುತ್ತಿದ್ದರೆ, ಕ್ಲೀನ್ ಮಾಡುವ ಮುಂಚೆ ಫ್ರೇಮು ಸೇರಿಸಿದ್ದಾರೆ ಅಂತಲೇ ಅರ್ಥ. ಆ ಫೈಲನ್ನು ಇನ್ನಷ್ಟು ಕ್ಲೀನ್ ಮಾಡಿಸುವುದು ದಂಡ.

ಫ್ಲಿಕರ್ ವಿಷಯದಲ್ಲೂ ಎಡವಟ್ಟಾಗಿತ್ತು. ಹಳೆ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮುಳ್ಳು ತೂಗಾಡುತ್ತಿದ್ದರೆ ಒಂದು ಫ್ರೇಮು ಬೆಳ್ಳಗೆ, ಇನ್ನೊಂದು ಕಪ್ಪಗೆ ಬರುತ್ತದೆ. ಡಿಫ್ಲಿಕರ್ ಅಕ್ಕಪಕ್ಕದ ಫ್ರೇಮುಗಳ ಹೊಳಪಿನ ಸರಾಸರಿ ತೆಗೆದು, ಪ್ರತಿ ಫ್ರೇಮನ್ನೂ ಅದಕ್ಕೆ ಹೊಂದಿಸುತ್ತದೆ. ಇದನ್ನು ಕ್ಲೀನಿಂಗಿಗೆ ಮುಂಚೆಯೇ ಮಾಡಬೇಕು. ಯಾಕೆಂದರೆ ಒಂದು ಫ್ರೇಮು ಇಡೀ ಬೆಳ್ಳಗಿದ್ದರೆ ಅದರ ಯಾವ ಚುಕ್ಕಿಯೂ ‘ನಡುವಿನ ಬೆಲೆ’ ಆಗುವುದಿಲ್ಲ. ಇಡೀ ಚಿತ್ರವೇ ಅಕ್ಕಪಕ್ಕದ ಫ್ರೇಮಿನ ತುಂಡುಗಳಿಂದ ತುಂಬಿಕೊಳ್ಳುತ್ತದೆ, ಚಲಿಸುವ ಅಂಚುಗಳೆಲ್ಲಾ ಒಡೆಯುತ್ತವೆ. ನಮ್ಮ ಅಂಗಡಿಯವರು ಅದನ್ನು ಕೊನೆಯಲ್ಲಿ ಮಾಡಿದ್ದರು. ಅದೂ ತುಂಬಾ ಉದ್ದದ ಸರಾಸರಿ ಇಟ್ಟು.

ಉದ್ದ ಸರಾಸರಿಯ ಪರಿಣಾಮ ಎರಡು ಕಡೆ ಎದ್ದು ಕಾಣುತ್ತಿತ್ತು. ಚಪ್ಪರದ ನೆರಳಿನಿಂದ ಬಿಸಿಲಿಗೆ ಶಾಟ್ ಬದಲಾಗುವ ಕಡೆ, ಹೊಸ ಶಾಟಿನ ಶುರುವಿನ ಫ್ರೇಮುಗಳು ಮಂಕಾಗಿ ಶುರುವಾಗಿ ನಿಧಾನಕ್ಕೆ ಬೆಳಗುತ್ತಿದ್ದವು. ನೆರಳಿನ ಲೆಕ್ಕ ಬಿಸಿಲಿಗೆ ಸೇರಿಕೊಂಡದ್ದಕ್ಕೆ ಹಾಗೆ. ಇನ್ನೊಂದು, ತೇರಿನ ಮುಂದೆ ಬಿಳಿ ಸತ್ತಿಗೆ ಹಿಡಿದವರು ಕ್ಯಾಮೆರಾ ಹತ್ತಿರ ಹಾದಾಗ ಸುತ್ತಲಿನ ಮುಖಗಳೆಲ್ಲಾ ಕಪ್ಪಿಟ್ಟು ಹೋಗುತ್ತಿದ್ದವು. ಸತ್ತಿಗೆ ಬಂದಾಗ ಫ್ರೇಮಿನ ಸರಾಸರಿ ಹೊಳಪು ನಿಜವಾಗಿಯೂ ಏರುತ್ತದೆ. ಸಾಫ್ಟ್‌ವೇರ್ ಅದನ್ನೇ ಫ್ಲಿಕರ್ ಅಂದುಕೊಂಡು ಇಡೀ ಚಿತ್ರವನ್ನು ಇಳಿಸಿಬಿಡುತ್ತದೆ.

ಪುಣ್ಯಕ್ಕೆ ಮೂಲ ರೀಲನ್ನು ವಾಪಸ್ ತಂದಿದ್ದೆವು. ಎಷ್ಟೋ ಜನ ‘ಡಿಜಿಟಲ್ ಆಯ್ತಲ್ಲ’ ಅಂತ ರೀಲು ಬಿಸಾಕುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬೆಂಗಳೂರಿನಲ್ಲಿ ಇನ್ನೊಬ್ಬರ ಹತ್ತಿರ ಫ್ರೇಮ್ ಬೈ ಫ್ರೇಮ್ ಸ್ಕ್ಯಾನ್ ಮಾಡಿಸಿ, 18 ಫ್ರೇಮಿನ ಕಚ್ಚಾ ಫೈಲು ತಂದು ನಾನೇ ಕೂತೆ. ಮೊದಲು ಶಾಟ್ ಶಾಟಿಗೆ ಕತ್ತರಿಸಿಕೊಂಡೆ, ಒಂದರ ಬೆಳಕು ಇನ್ನೊಂದಕ್ಕೆ ಸೇರಬಾರದಲ್ಲ. ರೀಲು ಹಾದುಹೋಗುವ ಗೇಟಿನಲ್ಲಿ ಚಿತ್ರ ಅಲ್ಲಾಡುತ್ತಿದ್ದದ್ದನ್ನು ನಿಲ್ಲಿಸಿದೆ. ಆಮೇಲೆ `ffmpeg` ಅನ್ನುವ ಸಾಫ್ಟ್‌ವೇರಿನಲ್ಲಿ ಒಂದೊಂದು ಶಾಟಿಗೂ ಐದೇ ಫ್ರೇಮಿನ ಡಿಫ್ಲಿಕರ್:

```
ffmpeg -i shot.mkv -vf deflicker=size=5:mode=am -c:v ffv1 before.mkv
```

ಐದು ಫ್ರೇಮು ಅಂದರೆ ಸುಮಾರು ಕಾಲು ಸೆಕೆಂಡು. ಪಟಪಟ ಮಿನುಗುವುದು ಹೋಗುತ್ತದೆ, ನಿಧಾನಕ್ಕೆ ಬರುವ ಸತ್ತಿಗೆಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಚಿತ್ರದ ಒಂದು ಮೂಲೆ ಮಾತ್ರ ಮಿನುಗುತ್ತಿದ್ದರೆ ಇದರಿಂದ ಆಗುವುದಿಲ್ಲ. ಇದು ಇಡೀ ಫ್ರೇಮಿಗೆ ಒಂದೇ ಅಳತೆ ಹಾಕುವಂಥದ್ದು.

ಧೂಳಿಗೆ ಎವಿಸಿಂತ್ ಅನ್ನುವ ವಿಡಿಯೋ ಸಾಫ್ಟ್‌ವೇರಿನಲ್ಲಿ `MVTools` ಬಳಸಿದೆ. ಅದು ಯಾವ ಭಾಗ ಎಲ್ಲಿಗೆ ಸರಿದಿದೆ ಅಂತ ಹುಡುಕಿ, ಅಕ್ಕಪಕ್ಕದ ಫ್ರೇಮುಗಳನ್ನು ಈಗಿನದರ ಮೇಲೆ ಕೂರುವಂತೆ ಸರಿಸಿಕೊಡುತ್ತದೆ. ಆಮೇಲೆ `Clense` ಅದೇ ನಡುವಿನ ಬೆಲೆಯ ಲೆಕ್ಕ ಹಾಕುತ್ತದೆ. ನಡೆಯುವ ಮನುಷ್ಯ, ತಿರುಗುವ ತಲೆ ಇದರಲ್ಲಿ ಉಳಿಯುತ್ತವೆ. ಬಾಳೆಹಣ್ಣು ಉಳಿಯಲ್ಲ. ಅಷ್ಟು ಚಿಕ್ಕದು ಒಂದೇ ಫ್ರೇಮಿನಲ್ಲಿ ಅಷ್ಟು ದೂರ ಹಾರಿದರೆ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಕ್ಲೀನಿಂಗ್ ಏನನ್ನು ತಿಂದಿದೆ ಅಂತ ಕಣ್ಣಲ್ಲಿ ನೋಡಬೇಕಾದರೆ ಕ್ಲೀನಿಂಗಿಗೆ ಮುಂಚಿನ ಫೈಲಿನಿಂದ ಆಮೇಲಿನದನ್ನು ಕಳೆಯಿರಿ:

```
ffmpeg -i before.mkv -i after.mkv -filter_complex "[0:v]format=gbrp[a];[1:v]format=gbrp[b];[a][b]blend=all_mode=difference" -c:v ffv1 diff.mkv
```

ಡಿಫ್ಲಿಕರ್ ಆದಮೇಲಿನ ಫೈಲನ್ನೇ ‘ಮುಂಚಿನದು’ ಅಂತ ಕೊಡಿ. ಕಚ್ಚಾ ಫೈಲು ಕೊಟ್ಟರೆ ಹೊಳಪಿನ ವ್ಯತ್ಯಾಸವೇ ಎಲ್ಲಾ ಕಡೆ ಕಂಡು ಏನೂ ತಿಳಿಯುವುದಿಲ್ಲ. ಮದುವೆಯ ಶಾಟಿನಲ್ಲಿ ಕಪ್ಪು ಪರದೆಯ ಮೇಲೆ ಚದುರಿದ ಚುಕ್ಕೆ, ಕೂದಲೆಳೆ ಅಷ್ಟೇ ಬಂತು. ಹಾಗೇ ಬರಬೇಕು. ತೇರಿನ ಶಾಟಿನಲ್ಲಿ ಬಾಳೆಹಣ್ಣುಗಳ ಸಾಲು, ಓಲಗದವರ ಬೆರಳಿನ ಅಂಚು, ಬಾವುಟದ ತುದಿ ಎಲ್ಲಾ ಅಲ್ಲಿದ್ದವು. ಅಂಗಡಿಯವರು ಈ ಒಂದು ಫೈಲು ಮಾಡಿ ನೋಡಿದ್ದರೂ ಸಾಕಿತ್ತು.

ಹಾಗಾಗಿ ತೇರಿನ ಶಾಟಿಗೆ ಕ್ಲೀನಿಂಗ್ ಹಾಕಲೇ ಇಲ್ಲ. ಡಿಫ್ಲಿಕರ್ ಮಾತ್ರ ಇಟ್ಟು, ಕಣ್ಣಿಗೆ ಚುಚ್ಚುವ ದೊಡ್ಡ ಕಲೆಗಳನ್ನು ಆಯಾ ಫ್ರೇಮಿನಲ್ಲಿ ಕೈಯಾರೆ ಮುಚ್ಚಿದೆ. ಸಣ್ಣ ಧೂಳು ಇದೆ, ಇರಲಿ ಬಿಡಿ. ಫೈಲನ್ನೂ 18ರಲ್ಲೇ ಇಟ್ಟಿದ್ದೇನೆ. ನಮ್ಮ ಫೋನು, ಟಿವಿ ಎರಡರಲ್ಲೂ ಸರಿಯಾಗಿ ಓಡುತ್ತದೆ. 25 ಬೇಕೇ ಬೇಕು ಅನ್ನುವವರು ಎಲ್ಲಾ ಮುಗಿದ ಮೇಲೆ ಕೊನೆಯಲ್ಲಿ ಮಾಡಿಕೊಳ್ಳಿ.

ಗೀರಿನ ವಿಷಯ ಬೇರೆಯೇ. ರೀಲು ಓಡುವಾಗ ಮೇಲಿಂದ ಕೆಳಗೆ ಬಿದ್ದ ಗೀರು ನೂರಾರು ಫ್ರೇಮಿನಲ್ಲಿ ಒಂದೇ ಜಾಗದಲ್ಲಿರುತ್ತದೆ. ಟೆಂಪೊರಲ್ ಕ್ಲೀನಿಂಗಿನ ಕಣ್ಣಿಗೆ ಅದು ಚಿತ್ರದ್ದೇ ಭಾಗ, ಬಾಳೆಹಣ್ಣು ಧೂಳು ಅನ್ನಿಸಿದ್ದಕ್ಕೆ ಸರಿಯಾಗಿ ಉಲ್ಟಾ. ಅದಕ್ಕೆ `DeScratch` ತರಹ, ಒಂದೇ ಫ್ರೇಮಿನೊಳಗೆ ನೆಟ್ಟಗಿನ ಸಣ್ಣ ಗೆರೆ ಹುಡುಕಿ ಅಕ್ಕಪಕ್ಕದ ಬಣ್ಣ ತುಂಬುವ ಫಿಲ್ಟರ್ ಬೇಕು. ಅದನ್ನೂ ಇಡೀ ಚಿತ್ರಕ್ಕೆ ಹಾಕಿದರೆ ಚಪ್ಪರದ ಗಳು, ಕರೆಂಟ್ ಕಂಬ ಎಲ್ಲಾ ಅಳಿಸಿಹೋಗುತ್ತವೆ. ಹಾಗಾಗಿ ಗೀರು ಇರುವ ಅಗಲಕ್ಕೆ ಮಾತ್ರ ಚಿತ್ರ ಕತ್ತರಿಸಿ ಅಷ್ಟಕ್ಕೇ ಹಾಕಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ರೀಲಿಗೆ ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಹೋಗಬೇಡಿ, ಯಾರಾದರೂ ‘ಸುಮ್ನೆ ನೀರಲ್ಲಿ ಒರೆಸ್ತೀವಿ’ ಅಂದರೆ ರೀಲು ವಾಪಸ್ ತನ್ನಿ. ಚಿತ್ರ ಹಿಡಿದಿಟ್ಟಿರುವ ಜೆಲಟಿನ್ ಪದರವನ್ನು ಬೂಷ್ಟು ತಿಂದಿದ್ದರೆ ಅದು ನೀರಿಗೆ ಕರಗುತ್ತದೆ, ಬಟ್ಟೆಯ ಜೊತೆ ಚಿತ್ರವೂ ಬರುತ್ತದೆ. ಅಂಗಡಿಯಲ್ಲಿ ರಸೀದಿ ಬರೆಯುವಾಗಲೇ ‘ಕಚ್ಚಾ ಸ್ಕ್ಯಾನ್, 18 ಫ್ರೇಮ್, ಕ್ಲೀನಿಂಗ್ ಇಲ್ಲದೆ’ ಅಂತ ಬರೆಸಿಕೊಳ್ಳಿ. ಹಳೆ ಡಬಲ್ 8 ರೀಲಾದರೆ ಸಾಮಾನ್ಯವಾಗಿ 18ರ ಬದಲು 16 ಅಂತ ಬರೆಸಬೇಕು.