ಫ್ರಿಜ್ ಕೆಟ್ಟಿದೆ ಅಂತ ಅಂಗಡಿಗೆ ನೋಟಿಸ್ ಕಳಿಸುವ ಮುಂಚೆ ಇದನ್ನು ಓದಿ

ಹೊಸ ಫ್ರಿಜ್ ಪದೇ ಪದೇ ಕೆಡುತ್ತಿದೆ, ಅಂಗಡಿಯವರು ಕಿವಿಗೆ ಹಾಕಿಕೊಳ್ಳುತ್ತಿಲ್ಲ, ಗ್ರಾಹಕರ ಆಯೋಗಕ್ಕೆ ಹೋಗುವ ಮುಂಚೆ ಒಂದು ನೋಟಿಸ್ ಕೊಟ್ಟುಬಿಡೋಣ ಅಂತಿರುವವರಿಗಾಗಿ ಈ ಬರಹ. ಕೈಯಲ್ಲಿ ಗಟ್ಟಿ ಪುರಾವೆ ಇದ್ದೂ ಬರೀ ಪತ್ರದ ಎಡವಟ್ಟಿನಿಂದ ಒಬ್ಬ ಗ್ರಾಹಕರು ಸಿಕ್ಕಿಹಾಕಿಕೊಂಡ ಪ್ರಕರಣ ಇದು.

ಫ್ರಿಜ್ ತಂದದ್ದು ಫೆಬ್ರವರಿಯಲ್ಲಿ. ಜೂನ್‌ನಲ್ಲಿ ತಂಪು ನಿಂತಿತು. ಕಂಪನಿಯ ಸರ್ವಿಸ್ ಹುಡುಗ ಬಂದು ಗ್ಯಾಸ್ ತುಂಬಿ ಹೋದ. ಆಗಸ್ಟ್‌ನಲ್ಲಿ ಮತ್ತದೇ ತೊಂದರೆ, ಮತ್ತದೇ ಗ್ಯಾಸ್. ಅಕ್ಟೋಬರ್‌ನಲ್ಲಿ ಮೂರನೇ ಸಲ. ಪ್ರತಿ ಸಲವೂ ಫೋನಿಗೆ ಬಂದ ಓಟಿಪಿ ಕೊಟ್ಟು ದೂರು ಮುಗಿಸಿದ್ದಾಯಿತು. ಆಮೇಲೆ ಅಂಗಡಿಗೆ ಪತ್ರ ಹೋಯಿತು: ‘ನೀವು ಕೊಟ್ಟ ಫ್ರಿಜ್ ಕಳಪೆ. ಮೂರು ಸಲ ರಿಪೇರಿ ಮಾಡಿಸಿದರೂ ಸರಿಹೋಗಿಲ್ಲ. ಕೂಡಲೇ ನ್ಯಾಯ ಕೊಡಿ, ಇಲ್ಲದಿದ್ದರೆ ಕೋರ್ಟಿಗೆ ಎಳೆಯುತ್ತೇನೆ.’

ಅಂಗಡಿಯ ಉತ್ತರ ನಾಲ್ಕೇ ಸಾಲು. ನಿಮ್ಮ ಹೆಸರಿನಲ್ಲಿ ನಮ್ಮಲ್ಲಿ ಬಿಲ್ ಇಲ್ಲ. ಯಾವ ಫ್ರಿಜ್ ಎಂದು ನೀವು ತಿಳಿಸಿಲ್ಲ. ಮೂರೂ ದೂರುಗಳು ನಿಮ್ಮ ಒಪ್ಪಿಗೆಯಿಂದಲೇ ಮುಗಿದಿವೆ. ತಯಾರಿಕೆಯ ದೋಷವಿದ್ದರೆ ಕಂಪನಿಯನ್ನು ಕೇಳಿ. ಈ ನಾಲ್ಕಕ್ಕೂ ಪತ್ರದಲ್ಲೇ ಮೊದಲೇ ಉತ್ತರ ಕೊಡಬಹುದಿತ್ತು. ನೀವು ಬರೆದ ನೋಟಿಸ್ ಅಂಗಡಿಯವರ ಕಣ್ಣಿಗೆ ಮಾತ್ರ ಬೀಳುವುದಲ್ಲ. ನಾಳೆ ದೂರಿನ ಜೊತೆ ಲಗತ್ತಾಗಿ ಆಯೋಗದ ಮುಂದೆಯೂ ಹೋಗುತ್ತದೆ. ಅಲ್ಲಿ ಅದನ್ನು ಓದುವವರಿಗೆ ನಿಮ್ಮ ಫ್ರಿಜ್ಜೂ ಗೊತ್ತಿಲ್ಲ, ನಿಮ್ಮ ಸಿಟ್ಟೂ ಗೊತ್ತಿಲ್ಲ.

ಮೊದಲು ಬಿಲ್ ವಿಷಯ. ಈ ಪ್ರಕರಣದಲ್ಲಿ ಬಿಲ್ ಇದ್ದದ್ದು ಭಾವನ ಹೆಸರಿನಲ್ಲಿ. ಇದು ದೊಡ್ಡ ಅಡ್ಡಿಯೇ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ. ಆದರೆ ಆ ಮಾತನ್ನು ಪತ್ರದಲ್ಲಿ ಬರೆಯಬೇಕು: ‘ಇಂಥವರು ಕೊಂಡಿದ್ದು, ಅವರ ಒಪ್ಪಿಗೆಯಿಂದ ನಾನು ಬಳಸುತ್ತಿದ್ದೇನೆ’. ಅವರಿಂದಲೂ ಸಹಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಎರಡನೆಯದು, ಬಿಲ್ಲಿಗೂ ಮನೆಯಲ್ಲಿರುವ ಫ್ರಿಜ್ಜಿಗೂ ಕೊಂಡಿ. ಎಷ್ಟೋ ಬಿಲ್‌ಗಳಲ್ಲಿ ಮಾಡೆಲ್ ಹೆಸರು ಮಾತ್ರ ಇರುತ್ತದೆ, ಸೀರಿಯಲ್ ನಂಬರ್ ಇರುವುದಿಲ್ಲ. ಅದೇ ಮಾಡೆಲ್‌ನ ನೂರು ಫ್ರಿಜ್‌ಗಳನ್ನು ಅಂಗಡಿ ಮಾರಿರುತ್ತದೆ. ಫ್ರಿಜ್ಜಿನ ಒಳಗೋಡೆಯಲ್ಲೋ ಹಿಂಬದಿಯಲ್ಲೋ ಅಂಟಿಸಿರುವ ಸ್ಟಿಕ್ಕರ್‌ನಲ್ಲಿ ಸೀರಿಯಲ್ ನಂಬರ್ ಸಿಗುತ್ತದೆ. ಅದರ ಫೋಟೋ ತೆಗೆದಿಡಿ. ಅದೇ ನಂಬರ್ ವಾರಂಟಿ ಕಾರ್ಡ್‌ನಲ್ಲಿ ಅಥವಾ ಸರ್ವಿಸ್‌ನ ಜಾಬ್ ಶೀಟ್‌ನಲ್ಲಿ ಇದ್ದರೆ ಕೊಂಡಿ ಕೂಡಿತು. ಹಣ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲನ್ನೂ ಸೇರಿಸಿ. ಬಿಲ್ ಥರ್ಮಲ್ ಕಾಗದದ್ದಾಗಿದ್ದರೆ ಇವತ್ತೇ ಸ್ಕ್ಯಾನ್ ಮಾಡಿಸಿ. ಆ ಅಕ್ಷರ ಬಿಸಿ, ಬೆಳಕಿಗೆ ಮಾಸಿಹೋಗುತ್ತದೆ. ಪತ್ರದ ಜೊತೆ ನಕಲು ಮಾತ್ರ ಹೋಗಬೇಕು, ಅಸಲು ಮನೆಯಲ್ಲೇ ಇರಬೇಕು.

ಇನ್ನು ದೋಷ. ‘ಕಳಪೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ಇಲ್ಲಿ ಗ್ರಾಹಕರ ಕೈಯಲ್ಲಿದ್ದ ಅತಿ ಬಲವಾದ ಸಾಕ್ಷಿಯೇ ವ್ಯರ್ಥವಾಯಿತು ಎಂಬುದು ನಮಗೆ ನಿಜಕ್ಕೂ ಬೇಸರದ ಸಂಗತಿ. ಫ್ರಿಜ್ಜಿನ ಗ್ಯಾಸ್ ಸ್ಟೌವಿನ ಗ್ಯಾಸಿನಂತೆ ಉರಿದು ಖರ್ಚಾಗುವಂಥದ್ದಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರಬೇಕು. ಕಂಪ್ರೆಸರ್ ಬದಲಿಸಿದಾಗ ಒಮ್ಮೆ ತುಂಬಿದರೆ ಅದು ಸಹಜ. ಯಾವ ಭಾಗವನ್ನೂ ಬದಲಿಸದೆ ಎರಡು ತಿಂಗಳಿಗೊಮ್ಮೆ ತುಂಬಬೇಕಾದರೆ ಎಲ್ಲೋ ಸೋರುತ್ತಿದೆ, ಆ ಸೋರಿಕೆಯನ್ನು ಮುಚ್ಚಿಲ್ಲ ಎಂದರ್ಥ. ಮೂರು ಜಾಬ್ ಶೀಟ್‌ಗಳಲ್ಲಿ ‘ಗ್ಯಾಸ್ ಚಾರ್ಜ್’ ಎಂದು ಕಂಪನಿಯೇ ಬರೆದುಕೊಟ್ಟಿದೆ. ಹಾಗಾಗಿ ಪತ್ರದಲ್ಲಿ ಇರಬೇಕಾದದ್ದು ಹೀಗೆ:

‘ಜೂನ್ 4, ಆಗಸ್ಟ್ 9 ಮತ್ತು ಅಕ್ಟೋಬರ್ 12ರಂದು ತಂಪಾಗುವುದು ಪೂರ್ತಿ ನಿಂತಿತ್ತು. ಮೂರು ಸಲವೂ ನಿಮ್ಮ ಕಡೆಯ ತಂತ್ರಜ್ಞರು ಗ್ಯಾಸ್ ತುಂಬಿದ್ದಾರೆ. ಯಾವ ಭಾಗವನ್ನೂ ಬದಲಿಸಿಲ್ಲ, ಸೋರಿಕೆ ಎಲ್ಲಿದೆ ಎಂದು ದಾಖಲಿಸಿಲ್ಲ. ಜಾಬ್ ಶೀಟ್‌ಗಳ ನಕಲು ಲಗತ್ತಿಸಿದೆ. ಅಕ್ಟೋಬರ್ 30ರಿಂದ ಮತ್ತೆ ತಂಪಾಗುತ್ತಿಲ್ಲ.’

‘ನಿಮ್ಮ ಒಪ್ಪಿಗೆಯಿಂದ ದೂರು ಮುಗಿದಿದೆ’ ಎಂಬ ಮಾತಿಗೂ ಇದರಲ್ಲೇ ಉತ್ತರವಿದೆ. ಓಟಿಪಿ ಕೊಟ್ಟ ದಿನ ಫ್ರಿಜ್ ಓಡುತ್ತಿತ್ತು, ನಿಜ. ಎರಡು ತಿಂಗಳಲ್ಲಿ ಅದೇ ದೋಷ ಮರಳಿದೆ ಎಂಬುದೂ ಅಷ್ಟೇ ನಿಜ. ಇನ್ನು ಮುಂದೆಯಾದರೂ ಜಾಬ್ ಶೀಟ್‌ಗೆ ಸಹಿ ಹಾಕುವಾಗ ‘ಮೂರನೇ ಸಲ ಅದೇ ದೂರು’ ಎಂದು ನಿಮ್ಮ ಕೈಯಾರೆ ಬರೆದು, ಫೋಟೋ ತೆಗೆದುಕೊಂಡು, ಆಮೇಲೆ ಓಟಿಪಿ ಕೊಡಿ. ಎದುರು ಪಕ್ಷದವರು ತರುವ ಇನ್ನೊಂದು ವಾದವೂ ಇದೆ: ಫ್ರೀಜರ್‌ನಲ್ಲಿ ಕಟ್ಟಿದ ಮಂಜನ್ನು ಚಾಕುವಿನಿಂದ ಕೆರೆದು ನೀವೇ ತೂತು ಮಾಡಿದ್ದೀರಿ. ಫ್ರೀಜರ್‌ನ ನಾಲ್ಕೂ ಗೋಡೆಗಳ ಸ್ಪಷ್ಟ ಫೋಟೋಗಳನ್ನು ಈಗಲೇ ತೆಗೆದಿಡಿ. ವಾದ ಬಗೆಹರಿಯದಿದ್ದರೆ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಅದಕ್ಕಾಗಿಯೇ ‘ಫ್ರಿಜ್ ಕೊಡಿ, ನೋಡಿ ಹೇಳುತ್ತೇವೆ’ ಎಂದಾಗ ಸೀರಿಯಲ್ ನಂಬರ್ ಮತ್ತು ಸ್ಥಿತಿ ನಮೂದಿಸಿದ ರಸೀದಿ ಇಲ್ಲದೆ ಅದನ್ನು ಕಳಿಸಲೇಬೇಡಿ. ವಸ್ತು ಕೈಬಿಟ್ಟರೆ ಮುಖ್ಯ ಸಾಕ್ಷಿಯೂ ಕೈಬಿಟ್ಟಂತೆ.

ಪತ್ರ ಯಾರಿಗೆ? ಅಂಗಡಿಯವರು ಕಂಪನಿಯ ಕಡೆ, ಕಂಪನಿಯವರು ಅಂಗಡಿಯ ಕಡೆ ಬೆರಳು ತೋರಿಸುತ್ತಾರೆ. ಆದ್ದರಿಂದ ಒಂದೇ ಪತ್ರವನ್ನು ಇಬ್ಬರಿಗೂ ಬರೆಯಿರಿ. ಅಂಗಡಿಯ ಹೆಸರನ್ನು ಬೋರ್ಡ್ ನೋಡಿ ಬರೆಯಬೇಡಿ. ಬೋರ್ಡ್‌ನಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಪಕ್ಕ ಇನ್ನೊಂದು ಹೆಸರು ಇರುವುದುಂಟು. ಬಿಲ್ಲಿನದ್ದೇ ಬೇಕು.

‘ನ್ಯಾಯ ಕೊಡಿ’ ಎಂದರೆ ಯಾರೂ ಏನನ್ನೂ ಕೊಡುವುದಿಲ್ಲ. ಏನು ಬೇಕು, ಯಾವಾಗ ಬೇಕು ಎಂದು ಬಿಡಿಸಿ ಕೇಳಿ: ಪತ್ರ ತಲುಪಿದ 15 ದಿನಗಳೊಳಗೆ ಇದೇ ಮಾಡೆಲ್‌ನ ಹೊಸ ಫ್ರಿಜ್, ಹೊಸ ವಾರಂಟಿಯೊಂದಿಗೆ, ಆಗದಿದ್ದರೆ ಬಿಲ್ಲಿನ ಪೂರ್ತಿ ಮೊತ್ತ ಬಡ್ಡಿ ಸಹಿತ ವಾಪಸ್. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಗ್ಯಾಸಿಗೆ ಹಣ ಕೊಟ್ಟಿದ್ದರೆ ರಸೀದಿ ತೋರಿಸಿ ಅದನ್ನೂ ಕೇಳಿ. ಪರಿಹಾರ ಕೇಳುವುದಾದರೆ ಕಾರಣ ಹೇಳಬಲ್ಲಷ್ಟೇ ಕೇಳಿ. ಫ್ರಿಜ್ಜಿನ ಬೆಲೆಯ ಹತ್ತು ಪಟ್ಟು ಕೇಳಿದರೆ ಉಳಿದ ನ್ಯಾಯವಾದ ಬೇಡಿಕೆಯ ತೂಕವೂ ಕಡಿಮೆಯಾಗುತ್ತದೆ. ಪೊಲೀಸ್ ಕೇಸ್ ಹಾಕುತ್ತೇನೆ, ಫೇಸ್‌ಬುಕ್‌ನಲ್ಲಿ ಮಾನ ಕಳೆಯುತ್ತೇನೆ ಎಂಬ ಮಾತು ಬೇಡವೇ ಬೇಡ.

ನೋಟಿಸ್ ಕೊಡದೆಯೂ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕಾಯ್ದೆ ಅದನ್ನು ಕಡ್ಡಾಯ ಮಾಡಿಲ್ಲ. ಆದರೆ ದೂರಿಗೆ ಗಡುವಿದೆ. 69ನೇ ಸೆಕ್ಷನ್ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಪತ್ರ ವ್ಯವಹಾರ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಈ ಗಡುವು ಮುಂದೆ ಹೋಗುವುದಿಲ್ಲ. ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಲೇ ಗಡುವು ದಾಟಿಸುವವರಿದ್ದಾರೆ. ತಡವಾದರೆ ಸಾಕಷ್ಟು ಕಾರಣ ತೋರಿಸಿ ಆಯೋಗದ ಮನವೊಲಿಸಬೇಕಾಗುತ್ತದೆ. ಮೊದಲ ಸಲ ಕೆಟ್ಟ ದಿನದಿಂದಲೇ ಲೆಕ್ಕ ಹಾಕಿಕೊಳ್ಳುವುದು ಕ್ಷೇಮ.

ಪತ್ರವನ್ನು ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ಅದನ್ನೇ ಪಿಡಿಎಫ್ ಮಾಡಿ ಇಬ್ಬರಿಗೂ ಇಮೇಲ್ ಮಾಡಿ. ಅಂಚೆ ರಸೀದಿ ಮತ್ತು ತಲುಪಿದ ವಿವರ ತೋರಿಸುವ ಟ್ರ್ಯಾಕಿಂಗ್ ಪುಟದ ಪ್ರಿಂಟ್ ಎರಡನ್ನೂ ಇಡಿ. ಆ ಪುಟ ಆನ್‌ಲೈನ್‌ನಲ್ಲಿ ಸದಾ ಸಿಗುವುದಿಲ್ಲ. ಅಂಗಡಿಯವರು ತೆಗೆದುಕೊಳ್ಳದೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಅದನ್ನು ಒಡೆಯದೆ ಹಾಗೇ ಇಡಿ. ಆಯೋಗದ ಮುಂದೆ ಅದೂ ಒಂದು ದಾಖಲೆ.