ಕೈಯಲ್ಲಿ ಹಿಡಿಯುವ ಮಣ್ಣಿನ ರೋಹಿತಮಾಪಕ: ಹಲವು ಮಳೆಗಾಲಗಳ ಬಳಕೆಯ ನಂತರ

ಬದಿಯಡ್ಕದ ಬಳಿ ಅಡಿಕೆ, ತೆಂಗು ಬೆಳೆಗಾರರಿಗಾಗಿ ನಡೆಸುತ್ತಿರುವ ನಮ್ಮ ಸಣ್ಣ ಮಣ್ಣು ಪರೀಕ್ಷಾ ಕೊಠಡಿಯಲ್ಲಿ ಈ ಉಪಕರಣ ಕೆಲವು ವರ್ಷಗಳಿಂದ ಇದೆ. ಇದು 1350ರಿಂದ 2550 ನ್ಯಾನೋಮೀಟರ್‌ವರೆಗಿನ ಅವಗೆಂಪು ಬೆಳಕನ್ನು ಮಣ್ಣಿನ ಮೇಲೆ ಬಿಟ್ಟು, ಎಷ್ಟು ಮರಳಿ ಬರುತ್ತದೆ ಎಂದು ಅಳೆಯುತ್ತದೆ. ನಮಗೆ ಬೇಕಾದ ಸಾವಯವ ಇಂಗಾಲವನ್ನು ಅದು ನೇರವಾಗಿ ಅಳೆಯುವುದಿಲ್ಲ. ಡೈಕ್ರೋಮೇಟ್ ಬಳಸುವ ವಾಕ್ಲಿ-ಬ್ಲ್ಯಾಕ್ ಎಂಬ ರಾಸಾಯನಿಕ ವಿಧಾನದಲ್ಲಿ ಇಂಗಾಲ ಕಂಡುಕೊಂಡ ಮಣ್ಣುಗಳ ರೋಹಿತಗಳನ್ನು ಕೂಡಿಟ್ಟ ಭಂಡಾರವೊಂದು ಬೇಕು. ಹೊಸ ಮಣ್ಣಿನ ಇಂಗಾಲವನ್ನು ಆ ಭಂಡಾರದ ಆಧಾರದಲ್ಲಿ ಅಂದಾಜಿಸಲಾಗುತ್ತದೆ. ಹಾಗಾಗಿ ಈ ವಿಮರ್ಶೆ ಉಪಕರಣಕ್ಕಿಂತ ಹೆಚ್ಚಾಗಿ ಭಂಡಾರದ ಬಗ್ಗೆ ಇದೆ.

ಯಂತ್ರದ ಮೇಲೆ ನನಗೆ ದೂರಿಲ್ಲ. ಕಾಯಿಸಿಕೊಳ್ಳಲು ಅರ್ಧ ಗಂಟೆ ಕೊಟ್ಟರೆ ರೋಹಿತ ಸ್ಥಿರವಾಗಿರುತ್ತದೆ. ಬಿಳಿ ಉಲ್ಲೇಖ ಫಲಕದ ಮೇಲೆ ಮುರಕಲ್ಲು ಮಣ್ಣಿನ ಕೆಂಪು ಧೂಳು ಕೂತರೆ ಮಾತ್ರ ಎಲ್ಲ ಅಳತೆಗಳೂ ಸದ್ದಿಲ್ಲದೆ ಜಾರುತ್ತವೆ. ಅದಕ್ಕೇ ಒಂದು ಮಣ್ಣನ್ನು ಬಿಗಿ ಮುಚ್ಚಳದ ಸೀಸೆಯಲ್ಲಿ ಇಟ್ಟಿದ್ದೇನೆ. ಕೆಲಸದ ಆರಂಭದಲ್ಲಿ ಅದನ್ನೇ ಮೊದಲು ಅಳೆಯುತ್ತೇನೆ. ಅದರ ಉತ್ತರ ಬದಲಾದರೆ ಫಲಕ ಒರೆಸುವವರೆಗೆ ಮುಂದಿನ ಮಾದರಿ ಇಲ್ಲ. ಆಟಿ ತಿಂಗಳಲ್ಲಿ ಇನ್ನೊಂದು ತೊಂದರೆ: ಒಣಗಿಸಿ 2 ಮಿಲಿಮೀಟರ್ ಜರಡಿಯಲ್ಲಿ ಗಾಳಿಸಿದ ಮಣ್ಣು ಕೂಡ ಗಾಳಿಯ ತೇವ ಹೀರಿಕೊಳ್ಳುತ್ತದೆ, 1900 ನ್ಯಾನೋಮೀಟರ್ ಆಸುಪಾಸಿನ ನೀರಿನ ತಗ್ಗು ಆಳವಾಗುತ್ತದೆ. ಒಣಗಿಸಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿಡುವುದೇ ಇದಕ್ಕೆ ಪರಿಹಾರ.

ನನ್ನ ತಕರಾರು ಇರುವುದು ಜೊತೆಗೆ ಬರುವ ತಂತ್ರಾಂಶದ ಮೇಲೆ. ಪ್ರತಿ ಮಾದರಿಯನ್ನು ನಾಲ್ಕು ಬಾರಿ ಅಳೆಯಬೇಕು ಎನ್ನುವುದು ಅದೇ. ಆಮೇಲೆ ಆ ಎಲ್ಲ ಅಳತೆಗಳನ್ನು ಕಲಸಿ, ಕೆಲವನ್ನು ಕಲಿಕೆಗೆ, ಕೆಲವನ್ನು ಪರೀಕ್ಷೆಗೆ ಹಂಚುವುದೂ ಅದೇ. ಒಂದೇ ಬಟ್ಟಲಿನ ಮಣ್ಣು ಎರಡೂ ಕಡೆ ಸೇರುವುದರಿಂದ ದೋಷ ಚಿಕ್ಕದಾಗಿ ಕಾಣುತ್ತದೆ. ನಮ್ಮ ಭಂಡಾರಕ್ಕೆ ಅದು ತೋರಿಸಿದ ದೋಷದ ವರ್ಗಗಳ ಸರಾಸರಿಯ ವರ್ಗಮೂಲ, ಅಂದರೆ `RMSE`, ಶೇ 0.2 ಇಂಗಾಲ. ಒಂದು ತೋಟದ ಎಲ್ಲ ಮಾದರಿಗಳನ್ನೂ ಒಟ್ಟಿಗೆ ಹೊರಗಿಟ್ಟು ಪರೀಕ್ಷಿಸಿದಾಗ ಅದೇ ದೋಷ ಶೇ 0.4 ಆಯಿತು. ಹೊಸ ಬೆಳೆಗಾರರು ತರುವುದು ಭಂಡಾರ ಎಂದೂ ನೋಡದ ತೋಟದ ಮಣ್ಣನ್ನು. ಆದ್ದರಿಂದ ನಾನು ನಂಬುವುದು ಎರಡನೆಯ ಅಂಕಿಯನ್ನು. ಪೈಥಾನ್ ಬಲ್ಲವರು ಇದನ್ನು `GroupKFold` ಬಳಸಿ ಮಾಡಬಹುದು.

ಕರಾವಳಿಯ ಮಣ್ಣು ಬಂದಾಗ ವಿಷಯ ಇನ್ನೂ ಸ್ಪಷ್ಟವಾಯಿತು. ನಮ್ಮ ಭಂಡಾರ ಬಹುತೇಕ ಎಣ್ಮಕಜೆ, ಪೆರ್ಲ ಕಡೆಯ ಮುರಕಲ್ಲು ಮಣ್ಣಿನದು. ಕುಂಬಳೆ ಕಡಲ ಬದಿಯ ತೆಂಗಿನ ತೋಟದವರೊಬ್ಬರು ಹೊಯ್ಗೆ ಮಣ್ಣು ತಂದರು. ಯಂತ್ರ ಶೇ 0.8 ಎಂದಿತು. “ಹಾಗಾದರೆ ಈ ವರ್ಷ ಹಟ್ಟಿಗೊಬ್ಬರ ಕಡಿಮೆ ಮಾಡಬಹುದೇ?” ಎಂದು ಕೇಳಿದರು. ವರದಿ ಕೊಡುವ ಮೊದಲು ಡೈಕ್ರೋಮೇಟ್ ಪರೀಕ್ಷೆ ಮಾಡಿದೆ. ಬಂದದ್ದು ಶೇ 0.4. ಆ ಕರಾವಳಿ ಪಟ್ಟಿಯ ಬೇರೆ ತೋಟಗಳಲ್ಲೂ ಯಂತ್ರ ಹೆಚ್ಚಾಗಿಯೇ ಹೇಳುತ್ತಿತ್ತು. ಹೊಯ್ಗೆಯ ಕಣಗಳ ಮೇಲ್ಮೈ ಕಡಿಮೆ. ಸ್ವಲ್ಪವೇ ಸಾವಯವ ಅಂಶ ಅದನ್ನು ಸವರಿ ಮಣ್ಣನ್ನು ಕಪ್ಪಾಗಿಸುತ್ತದೆ. ಜೇಡಿ ಹೆಚ್ಚಿರುವ ಮಣ್ಣಿನಲ್ಲಿ ಕಲಿತ ಲೆಕ್ಕಕ್ಕೆ ಅದು ಹೆಚ್ಚು ಇಂಗಾಲದಂತೆ ಕಂಡಿರಬೇಕು.

ಇಂಥಲ್ಲಿ ದೋಷವನ್ನು ಎರಡಾಗಿ ಬಿಡಿಸಿ ನೋಡಬೇಕು:

```
RMSE² = bias² + SEP²
0.5²  = 0.4²  + 0.3²
```

ಕರಾವಳಿ ಮಾದರಿಗಳಲ್ಲಿ ಒಟ್ಟು ದೋಷ 0.5. ಅದರಲ್ಲಿ `bias` 0.4, ಅದು ಎಲ್ಲ ಮಾದರಿಗಳನ್ನೂ ಒಂದೇ ದಿಕ್ಕಿಗೆ ಎಳೆಯುವ ಓರೆ; `SEP` 0.3, ಅದು ಆಚೀಚೆ ಚದುರುವಿಕೆ. ಕರಾವಳಿಯ ಕೆಲವು ಮಣ್ಣುಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿ ಭಂಡಾರಕ್ಕೆ ಸೇರಿಸಿದ ಮೇಲೆ, ಬೇರೆ ಕರಾವಳಿ ತೋಟಗಳಲ್ಲಿ ನೋಡಿದರೆ ಓರೆ ಬಹುಪಾಲು ಹೋಗಿತ್ತು. ಚದುರುವಿಕೆ ಹಾಗೆಯೇ ಉಳಿಯಿತು. ಸಾವಯವ ಇಂಗಾಲದಲ್ಲಿ ಸಾಮಾನ್ಯವಾಗಿ ‘ಮಧ್ಯಮ’ ಎನ್ನುವ ವರ್ಗ ಶೇ 0.5ರಿಂದ 0.75ರವರೆಗಿನದು, ಅಂದರೆ ಅದರ ಅಗಲವೇ 0.25. ದೋಷ 0.3 ಇರುವ ಯಂತ್ರದಿಂದ ಹೊಯ್ಗೆ ತೋಟವನ್ನು ‘ಕಡಿಮೆ’, ‘ಮಧ್ಯಮ’ ಎಂದು ವಿಂಗಡಿಸುವುದು ಸರಿಯಲ್ಲ. ಆ ಮಾದರಿಗಳನ್ನು ಈಗಲೂ ಬ್ಯುರೆಟ್ಟಿನಲ್ಲೇ ನೋಡುತ್ತೇನೆ.

ಸುಡುಮಣ್ಣು ಹಾಕಿದ ತೋಟಗಳದ್ದು ಬೇರೆಯೇ ಸಮಸ್ಯೆ. ಮಸಿಯನ್ನು ವಾಕ್ಲಿ-ಬ್ಲ್ಯಾಕ್ ವಿಧಾನವೇ ಪೂರ್ತಿ ಉತ್ಕರ್ಷಿಸುವುದಿಲ್ಲ, ಹಾಗಾಗಿ ಅಲ್ಲಿ ಯಂತ್ರವನ್ನು ಹೋಲಿಸುವ ಅಳತೆಗೋಲೇ ಮೋಟು. ಮಾದರಿ ತರುವವರನ್ನು ಕೇಳಿ ತಿಳಿದು ಅಂಥವನ್ನು ಭಂಡಾರದಿಂದ ಹೊರಗಿಡುತ್ತೇನೆ.

ಮುರಕಲ್ಲು ಗುಡ್ಡದ ಅಡಿಕೆ ತೋಟಗಳಲ್ಲಿ ಮಾತ್ರ ಇದು ನಿಜಕ್ಕೂ ಉಪಕಾರಿ. ಅಲ್ಲಿ ಇಂಗಾಲ ತೋಟದಿಂದ ತೋಟಕ್ಕೆ ಬಹಳ ಬದಲಾಗುತ್ತದೆ, ಶೇ 0.8ರ ಮೇಲ್ಭಾಗವನ್ನೂ ಶೇ 2.2ರ ಕಣಿಯನ್ನೂ 0.4 ದೋಷದಲ್ಲೂ ಬೇರ್ಪಡಿಸಬಹುದು. ಒಂದು ತೋಟದ ಹಲವು ಕಡೆ ಅಳೆದು ಸರಾಸರಿ ತೆಗೆದರೆ ಚದುರುವಿಕೆ ತಗ್ಗುತ್ತದೆ, ಓರೆ ತಗ್ಗುವುದಿಲ್ಲ. ಆದ್ದರಿಂದ ಪ್ರತಿ ಹೊಸ ಊರಿನಿಂದ ಒಂದಿಷ್ಟು ಮಾದರಿಗಳು ಇಂದಿಗೂ ರಾಸಾಯನಿಕ ಪರೀಕ್ಷೆಗೆ ಹೋಗುತ್ತವೆ.

ಕೊಳ್ಳುವವರು ಮಾರಾಟಗಾರರನ್ನು ಕೇಳಬೇಕಾದದ್ದು: ಕಚ್ಚಾ ರೋಹಿತವನ್ನು ಕಡತವಾಗಿ ಹೊರತೆಗೆಯಲು ಬಿಡುತ್ತೀರಾ? ಕೇವಲ ಇಂಗಾಲದ ಅಂಕಿ ತೋರಿಸುವ ಉಪಕರಣವಾದರೆ ಅದರ ದೋಷವನ್ನು ಅಳೆಯಬಹುದು, ಆದರೆ ನಮ್ಮ ಮಣ್ಣುಗಳನ್ನು ಸೇರಿಸಿ ಭಂಡಾರವನ್ನು ತಿದ್ದುವ ದಾರಿ ಇರುವುದಿಲ್ಲ; ಅಂಥದ್ದನ್ನು ನಾನು ಕೊಳ್ಳುವುದಿಲ್ಲ.